ಮೂರಕ್ಕೂ ಪ್ಲಸ್ ಚಿಹ್ನೆ: ಹವಾಮಾನ ಫೀಡ್‌ಬ್ಯಾಕ್‌ಗಳನ್ನು ವಿಂಗಡಿಸುವ ಬಗೆ

‘ಮಂಜಿನ ಆಲ್ಬಿಡೊ, ನೀರಾವಿ, ಪರ್ಮಾಫ್ರಾಸ್ಟ್ – ಈ ಫೀಡ್‌ಬ್ಯಾಕ್‌ಗಳನ್ನು ಧನಾತ್ಮಕ, ಋಣಾತ್ಮಕ ಎಂದು ವಿಂಗಡಿಸಿ, ಕಾರಣ ಕೊಡಿ.’

ಭೂಗೋಳವನ್ನೋ ಪರಿಸರ ವಿಜ್ಞಾನವನ್ನೋ ಓದುವವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರಿಗೆ ಇಂಥ ಪ್ರಶ್ನೆ ಎದುರಾಗುವುದುಂಟು. ನೋಡಲು ಸುಲಭ. ಅವಸರದಲ್ಲಿ ಹೊಳೆಯುವ ಉತ್ತರ ಹೀಗಿರುತ್ತದೆ: ಮಂಜು ಕರಗಿದರೆ ಆಲ್ಬಿಡೊ ಕಡಿಮೆಯಾಗುತ್ತದೆ, ಕಡಿಮೆಯಾದ ಮೇಲೆ ಅದು ಋಣಾತ್ಮಕ. ಬಿಸಿ ಏರಿದರೆ ನೀರಾವಿ ಹೆಚ್ಚಾಗುತ್ತದೆ, ಹೆಚ್ಚಾದ ಮೇಲೆ ಧನಾತ್ಮಕ. ಪರ್ಮಾಫ್ರಾಸ್ಟ್ ಕರಗಿದರೆ ಅನಾಹುತ, ಆದ್ದರಿಂದ ಋಣಾತ್ಮಕ. ಮೂರರಲ್ಲಿ ಎರಡು ತಪ್ಪು. ಸರಿಯಾಗಿರುವ ಒಂದು ಕೂಡ ತಪ್ಪು ಕಾರಣಕ್ಕೆ ಸರಿಯಾಗಿದೆ.

ನಿಜವಾದ ಉತ್ತರವೆಂದರೆ ಮೂರೂ ಧನಾತ್ಮಕ. ಇಲ್ಲಿ ಧನ, ಋಣ ಎನ್ನುವುದಕ್ಕೂ ಒಳ್ಳೆಯದು, ಕೆಟ್ಟದ್ದು ಎನ್ನುವುದಕ್ಕೂ ಸಂಬಂಧವಿಲ್ಲ. ನಡುವೆ ಯಾವುದು ಹೆಚ್ಚಿತು, ಯಾವುದು ತಗ್ಗಿತು ಎಂಬುದೂ ಮುಖ್ಯವಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಆದ ಬದಲಾವಣೆ ಒಂದು ಸುತ್ತು ಹಾಕಿ ಮತ್ತೆ ತಾಪಮಾನಕ್ಕೆ ಬಂದು ಸೇರುವಾಗ, ಹೊರಟ ದಿಕ್ಕಿನಲ್ಲೇ ಇನ್ನಷ್ಟು ತಳ್ಳುತ್ತದೆಯೋ, ಹಿಂದಕ್ಕೆ ಎಳೆಯುತ್ತದೆಯೋ? ತಳ್ಳಿದರೆ ಧನಾತ್ಮಕ, ಎಳೆದರೆ ಋಣಾತ್ಮಕ.

ಬಾಣ ಬರೆದು ಸುತ್ತು ಮುಗಿಸಿ

ಇದನ್ನು ಊಹೆಗೆ ಬಿಡದೆ ಲೆಕ್ಕ ಹಾಕಿಯೇ ಕಂಡುಕೊಳ್ಳಬಹುದು. ತಾಪಮಾನದಿಂದ ಶುರುಮಾಡಿ ಒಂದೊಂದೇ ಬಾಣ ಬರೆಯುತ್ತ ಹೋಗಿ. ಮೊದಲನೆಯದು ಏರಿದಾಗ ಎರಡನೆಯದೂ ಏರಿದರೆ ಆ ಬಾಣಕ್ಕೆ ಪ್ಲಸ್. ಮೊದಲನೆಯದು ಏರಿದಾಗ ಎರಡನೆಯದು ಇಳಿದರೆ ಮೈನಸ್. ಸುತ್ತು ಮತ್ತೆ ತಾಪಮಾನಕ್ಕೆ ಬಂದ ಮೇಲೆ ಮೈನಸ್‌ಗಳನ್ನು ಎಣಿಸಿ. ಮೈನಸ್ ಇಲ್ಲದಿದ್ದರೆ, ಅಥವಾ ಅವು ಸಮ ಸಂಖ್ಯೆಯಲ್ಲಿದ್ದರೆ ಫೀಡ್‌ಬ್ಯಾಕ್ ಧನಾತ್ಮಕ. ಬೆಸ ಸಂಖ್ಯೆಯಲ್ಲಿದ್ದರೆ ಋಣಾತ್ಮಕ.

ಆಲ್ಬಿಡೊ ಎಂದರೆ ಒಂದು ಮೇಲ್ಮೈ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬ ಅಳತೆ. ಹೊಸದಾಗಿ ಬಿದ್ದ ಹಿಮದ್ದು 0.8ರಿಂದ 0.9. ಹಿಮದ ಹೊದಿಕೆ ಇಲ್ಲದ ಸಮುದ್ರದ ಮಂಜುಗಡ್ಡೆಯದು 0.5ರಿಂದ 0.7. ತೆರೆದ ಸಮುದ್ರದ್ದು ಬರೀ 0.06ರ ಆಸುಪಾಸು. ಅಂದರೆ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ, ಅದು ಕರಗಿದ ಜಾಗದ ಕಪ್ಪು ನೀರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ನುಂಗಿಕೊಳ್ಳುತ್ತದೆ.

ಈಗ ಬಾಣಗಳು. ತಾಪಮಾನ ಏರಿದರೆ ಮಂಜುಗಡ್ಡೆ ಕಡಿಮೆಯಾಗುತ್ತದೆ: ಮೈನಸ್. ಮಂಜುಗಡ್ಡೆ ಹೆಚ್ಚಿದ್ದಷ್ಟೂ ಆಲ್ಬಿಡೊ ಹೆಚ್ಚು: ಪ್ಲಸ್. ಆಲ್ಬಿಡೊ ಹೆಚ್ಚಿದಷ್ಟೂ ಹೀರಿಕೊಳ್ಳುವ ಬಿಸಿಲು ಕಡಿಮೆ: ಮೈನಸ್. ಹೀರಿಕೊಂಡ ಬಿಸಿಲು ಹೆಚ್ಚಿದಷ್ಟೂ ತಾಪಮಾನ ಹೆಚ್ಚು: ಪ್ಲಸ್. ಮೈನಸ್ ಎರಡು, ಸಮ ಸಂಖ್ಯೆ. ಫೀಡ್‌ಬ್ಯಾಕ್ ಧನಾತ್ಮಕ. ‘ಆಲ್ಬಿಡೊ ಕಡಿಮೆಯಾಯಿತು, ಆದ್ದರಿಂದ ಋಣಾತ್ಮಕ’ ಎಂದು ಬರೆದವರು ಅರ್ಧ ದಾರಿಯಲ್ಲೇ ನಿಂತವರು.

ನೀರಾವಿಯ ಸುತ್ತು ಇನ್ನೂ ಸರಳ. ತಾಪಮಾನ ಏರಿದರೆ ಗಾಳಿಯಲ್ಲಿ ನೀರಾವಿ ಹೆಚ್ಚುತ್ತದೆ. ನೀರಾವಿಯೂ ಹಸಿರುಮನೆ ಅನಿಲವೇ ಆದ್ದರಿಂದ ಅದು ಹೆಚ್ಚಿದಷ್ಟೂ ನೆಲದಿಂದ ಹೊರಟ ಶಾಖ ಹೆಚ್ಚಾಗಿ ತಡೆದುಕೊಳ್ಳುತ್ತದೆ, ತಾಪಮಾನ ಏರುತ್ತದೆ. ಮೈನಸ್ಸೇ ಇಲ್ಲ. ಪರ್ಮಾಫ್ರಾಸ್ಟ್‌ನದು ಆಲ್ಬಿಡೊದಂತೆಯೇ: ತಾಪಮಾನ ಏರಿದರೆ ಹೆಪ್ಪುಗಟ್ಟಿದ ನೆಲ ಕಡಿಮೆ (ಮೈನಸ್), ಹೆಪ್ಪುಗಟ್ಟಿದ್ದು ಹೆಚ್ಚಿದ್ದಷ್ಟೂ ಕೊಳೆಯುವಿಕೆ ಕಡಿಮೆ (ಮೈನಸ್), ಕೊಳೆಯುವಿಕೆ ಹೆಚ್ಚಿದಷ್ಟೂ ಇಂಗಾಲದ ಅನಿಲಗಳು ಹೆಚ್ಚು, ಅವು ಹೆಚ್ಚಿದಷ್ಟೂ ತಾಪಮಾನ ಹೆಚ್ಚು. ಇಲ್ಲೂ ಮೈನಸ್ ಎರಡು.

ತಂಪಾಗುವಾಗಲೂ ಧನಾತ್ಮಕವೇ

ಧನಾತ್ಮಕ ಎಂದರೆ ‘ಬಿಸಿ ಮಾಡುವುದು’ ಎಂದು ಬಾಯಿಪಾಠ ಮಾಡಿಕೊಂಡವರೂ ಇದ್ದಾರೆ. ಅದೂ ಸರಿಯಲ್ಲ. ಇದಕ್ಕೆ ಪ್ರಕೃತಿಯೇ ಒಂದು ಪ್ರಯೋಗ ಮಾಡಿ ತೋರಿಸಿದೆ.

1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ಒಂದೂವರೆಯಿಂದ ಎರಡು ಕೋಟಿ ಟನ್‌ನಷ್ಟು ಗಂಧಕದ ಡೈಆಕ್ಸೈಡ್ ವಾಯುಮಂಡಲದ ಮೇಲಿನ ಪದರಕ್ಕೆ ನುಗ್ಗಿ, ಅಲ್ಲಿ ಸಣ್ಣ ಸಣ್ಣ ಹನಿಗಳಾಗಿ ಹರಡಿತು. ಆ ತೆಳು ಪರದೆ ಬಿಸಿಲನ್ನು ಚೆದುರಿಸಿದ್ದರಿಂದ ಮುಂದಿನ ಒಂದೆರಡು ವರ್ಷಗಳಲ್ಲಿ ಭೂಮಿಯ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅದರ ಜೊತೆಗೇ ಗಾಳಿಯಲ್ಲಿದ್ದ ನೀರಾವಿಯೂ ಕಡಿಮೆಯಾದದ್ದನ್ನು ಉಪಗ್ರಹಗಳು ಅಳೆದವು.

ಅಮೆರಿಕದ ಬ್ರಯಾನ್ ಸೋಡನ್ ಮತ್ತು ಸಂಗಡಿಗರು ಈ ಅವಕಾಶವನ್ನು ಬಳಸಿಕೊಂಡರು. ಕಂಪ್ಯೂಟರ್ ಮಾದರಿಯೊಂದರಲ್ಲಿ ಪಿನಾಟುಬೊವನ್ನು ಎರಡು ಬಗೆಯಲ್ಲಿ ಸಿಡಿಸಿದರು. ಒಂದರಲ್ಲಿ ನೀರಾವಿ ತಾಪಮಾನದ ಜೊತೆ ಬದಲಾಗಿ ಶಾಖದ ಲೆಕ್ಕದ ಮೇಲೂ ಪ್ರಭಾವ ಬೀರುವಂತೆ ಬಿಟ್ಟರು, ಇನ್ನೊಂದರಲ್ಲಿ ಆ ಪ್ರಭಾವವನ್ನು ತೆಗೆದುಹಾಕಿದರು. ನೀರಾವಿಗೆ ಅವಕಾಶ ಕೊಟ್ಟ ಮಾದರಿ ನಿಜವಾಗಿ ಆದಷ್ಟೇ ತಂಪನ್ನು ತೋರಿಸಿತು. ಅದನ್ನು ಕಟ್ಟಿಹಾಕಿದ ಮಾದರಿಯಲ್ಲಿ ತಂಪು ಸಾಲದಾಯಿತು. ಈ ಅಧ್ಯಯನ 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಅಂದರೆ ಜ್ವಾಲಾಮುಖಿ ಶುರುಮಾಡಿದ ತಂಪನ್ನು ನೀರಾವಿಯ ಇಳಿಕೆ ಇನ್ನಷ್ಟು ಹೆಚ್ಚಿಸಿತು. ಭೂಮಿ ತಂಪಾಗುತ್ತಿದ್ದರೂ ಫೀಡ್‌ಬ್ಯಾಕ್ ಧನಾತ್ಮಕವೇ ಆಗಿತ್ತು. ಹಿಮಯುಗಗಳಲ್ಲಿ ಹಿಮ ಹರಡಿದಷ್ಟೂ ಭೂಮಿ ಇನ್ನಷ್ಟು ತಂಪಾದದ್ದೂ ಇದೇ ಆಲ್ಬಿಡೊ ಸುತ್ತು ತಿರುಗುಮುರುಗಾಗಿ ಕೆಲಸ ಮಾಡಿದ್ದರಿಂದ.

ನೀರಾವಿ ಶುರುಮಾಡುವುದಿಲ್ಲ, ಹಿಗ್ಗಿಸುತ್ತದೆ

ಮೂರರಲ್ಲಿ ಅತ್ಯಂತ ದೊಡ್ಡದು, ಅತ್ಯಂತ ಚುರುಕಾದದ್ದು ನೀರಾವಿ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಶೇ 7ರಷ್ಟು ಹೆಚ್ಚುತ್ತದೆ. ಇದು ಕ್ಲಾಸಿಯಸ್–ಕ್ಲಾಪೆರಾನ್ ನಿಯಮದಿಂದ ಬರುವ ಲೆಕ್ಕ. ಶಾಖವನ್ನು ಹಿಡಿದಿಡುವ ಅದರ ಗುಣವನ್ನು ನಮ್ಮ ಸುತ್ತಲೇ ನೋಡಬಹುದು. ಚಳಿಗಾಲದಲ್ಲಿ ಬೀದರ್, ವಿಜಯಪುರಗಳ ಒಣ ಗಾಳಿಯ, ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಟ್ಟು ಮೈ ನಡುಗುವಷ್ಟು ತಣ್ಣಗಾಗುತ್ತದೆ. ಮಂಗಳೂರಿನಲ್ಲಿ ಅದೇ ತಿಂಗಳ ರಾತ್ರಿಗೂ ಅಷ್ಟು ಚಳಿ ಇಲ್ಲ. ಪಕ್ಕದ ಸಮುದ್ರದ ಪಾತ್ರವೂ ಅದರಲ್ಲಿದೆ, ಆದರೆ ಗಾಳಿಯಲ್ಲಿ ತುಂಬಿರುವ ಆವಿ ಶಾಖವನ್ನು ಬಿಡದೆ ಹಿಡಿಯುವುದೂ ಒಂದು ಕಾರಣ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೀರಾವಿ ಅಷ್ಟು ದೊಡ್ಡ ಹಸಿರುಮನೆ ಅನಿಲವಾದರೆ ಇಂಗಾಲದ ಡೈಆಕ್ಸೈಡನ್ನು ಏಕೆ ದೂರಬೇಕು? ಕಾರಣ ಇಷ್ಟೆ: ಗಾಳಿಗೆ ಸೇರಿದ ನೀರಾವಿ ಸರಾಸರಿ ಹತ್ತು ದಿನಗಳೊಳಗೆ ಮಳೆಯಾಗಿಯೋ ಹಿಮವಾಗಿಯೋ ಇಳಿದುಬಿಡುತ್ತದೆ. ನಾವು ಎಷ್ಟೇ ಆವಿ ಹೊರಬಿಟ್ಟರೂ ಕೆಳಗಿನ ವಾಯುಮಂಡಲದಲ್ಲಿ ಅದು ಉಳಿಯುವುದಿಲ್ಲ, ಎಷ್ಟು ಉಳಿಯಬೇಕು ಎಂಬುದನ್ನು ತಾಪಮಾನವೇ ತೀರ್ಮಾನಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ, ನಾವು ಇಂದು ಸೇರಿಸಿದ್ದರ ಒಂದು ಪಾಲು ಸಾವಿರಾರು ವರ್ಷ ಇರುತ್ತದೆ. ಆದ್ದರಿಂದ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಬಿದ್ದ ಒತ್ತಡ, ನೀರಾವಿ ಅದಕ್ಕೆ ಬಂದ ಫೀಡ್‌ಬ್ಯಾಕ್. ಪರೀಕ್ಷೆಯಲ್ಲಿ ಈ ಎರಡನ್ನು ಬೇರೆಬೇರೆಯಾಗಿ ಬರೆದವರಿಗೆ ವಿಷಯ ಗೊತ್ತಿದೆ ಎಂದು ಮೌಲ್ಯಮಾಪಕರಿಗೆ ಒಡನೆ ತಿಳಿಯುತ್ತದೆ.

ಹಿಂದಕ್ಕೆ ಎಳೆಯುವವು ಯಾವುವು?

ಮೂರೂ ಧನಾತ್ಮಕವಾದರೆ ಋಣಾತ್ಮಕದ ಅಂಕಣದಲ್ಲಿ ಏನು ಬರೆಯಬೇಕು? ಅಲ್ಲಿ ಮೊದಲ ಹೆಸರು ಪ್ಲಾಂಕ್ ಫೀಡ್‌ಬ್ಯಾಕ್. ಯಾವ ವಸ್ತುವೇ ಆಗಲಿ, ಬಿಸಿಯಾದಷ್ಟೂ ಹೆಚ್ಚು ಶಾಖವನ್ನು ಹೊರಸೂಸುತ್ತದೆ. ತಾಪಮಾನ ಏರಿದರೆ ಹೊರಹೋಗುವ ಶಾಖ ಹೆಚ್ಚು (ಪ್ಲಸ್), ಅದು ಹೆಚ್ಚಿದರೆ ಭೂಮಿಯಲ್ಲಿ ಉಳಿಯುವ ಶಕ್ತಿ ಕಡಿಮೆ (ಮೈನಸ್), ಉಳಿಯುವ ಶಕ್ತಿ ಹೆಚ್ಚಿದಷ್ಟೂ ತಾಪಮಾನ ಹೆಚ್ಚು (ಪ್ಲಸ್). ಮೈನಸ್ ಒಂದೇ, ಬೆಸ. ಭೂಮಿ ಕಾದು ಕೆಂಡವಾಗದೆ ಒಂದು ಮಟ್ಟದಲ್ಲಿ ನಿಲ್ಲುವುದು ಇದರಿಂದ.

ಎರಡನೆಯದು ಇಳಿತದರದ ಫೀಡ್‌ಬ್ಯಾಕ್. ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುವ ದರವೇ ಇಳಿತದರ. ಉಷ್ಣವಲಯದಲ್ಲಿ ನೀರಾವಿ ಮೇಲೇರಿ ಹನಿಗಟ್ಟುವಾಗ ಶಾಖ ಬಿಡುಗಡೆಯಾಗುವುದರಿಂದ ಮೇಲಿನ ಗಾಳಿ ನೆಲಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಮೇಲಿನ ಪದರದಿಂದ ಬಾಹ್ಯಾಕಾಶಕ್ಕೆ ಶಾಖ ಸುಲಭವಾಗಿ ದಾಟಿಹೋಗುತ್ತದೆ, ಹಾಗಾಗಿ ಇದು ಋಣಾತ್ಮಕ. ಆರ್ಕ್‌ಟಿಕ್‌ನಲ್ಲಿ ಮಾತ್ರ ಬಿಸಿ ನೆಲದ ಹತ್ತಿರವೇ ಉಳಿಯುವುದರಿಂದ ಇದೇ ಫೀಡ್‌ಬ್ಯಾಕ್ ಧನಾತ್ಮಕವಾಗುತ್ತದೆ. ನೀರಾವಿಯ ಏರಿಕೆ ಮತ್ತು ಇಳಿತದರದ ಬದಲಾವಣೆ ಒಂದನ್ನೊಂದು ಅಂಟಿಕೊಂಡೇ ನಡೆಯುವುದರಿಂದ ವಿಜ್ಞಾನಿಗಳು ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಕೂಡಿಸಿದ ಮೇಲೂ ಮೊತ್ತ ಧನಾತ್ಮಕವೇ.

ಒಂದೇ ವಸ್ತುವಿನ ಸುತ್ತ ಎರಡೂ ಚಿಹ್ನೆಯ ಸುತ್ತುಗಳಿರಬಹುದು ಎಂಬುದಕ್ಕೆ ಆರ್ಕ್‌ಟಿಕ್ ಸಮುದ್ರದ ಮಂಜುಗಡ್ಡೆಯೇ ಸಾಕ್ಷಿ. ಬೇಸಿಗೆಯಲ್ಲಿ ಅದರ ಮೇಲೆ ನೀಲಿ ಬಣ್ಣದ ನೀರಿನ ಹೊಂಡಗಳು ಮೂಡುತ್ತವೆ. ಹೊಂಡದ ನೀರು ಬಿಳಿ ಮಂಜಿಗಿಂತ ಹೆಚ್ಚು ಬಿಸಿಲನ್ನು ಹೀರುವುದರಿಂದ ಅಡಿಯ ಮಂಜು ಬೇಗ ಕರಗುತ್ತದೆ, ಇದು ಆಲ್ಬಿಡೊದ ಕೆಲಸ. ಸಮುದ್ರ ಹಾಗೆ ಹೀರಿಕೊಂಡ ಶಾಖ ಶರತ್ಕಾಲ, ಚಳಿಗಾಲಗಳಲ್ಲಿ ಗಾಳಿಗೆ ಬರುತ್ತದೆ. ಹಾಗಾಗಿ ಬಿಸಿಲು ನುಂಗಿದ್ದು ಬೇಸಿಗೆಯಲ್ಲಾದರೂ ಆರ್ಕ್‌ಟಿಕ್‌ನ ಗಾಳಿ ಅತಿ ಹೆಚ್ಚು ಬಿಸಿಯಾಗಿರುವುದು ಬೇಸಿಗೆಯ ಆಚೆಗೆ. ಆದರೆ ಚಳಿಗಾಲದಲ್ಲಿ ತೆಳು ಮಂಜುಗಡ್ಡೆಯ ಮೂಲಕ ಸಮುದ್ರದ ಶಾಖ ಬೇಗ ಹೊರಹೋಗುತ್ತದೆ, ಆದ್ದರಿಂದ ತೆಳು ಮಂಜು ದಪ್ಪ ಮಂಜಿಗಿಂತ ವೇಗವಾಗಿ ಬೆಳೆಯುತ್ತದೆ. ಇದು ಋಣಾತ್ಮಕ ಫೀಡ್‌ಬ್ಯಾಕ್. 2012ರ ಸೆಪ್ಟೆಂಬರ್‌ನಲ್ಲಿ ಮಂಜಿನ ಹರಹು 34 ಲಕ್ಷ ಚದರ ಕಿಲೋಮೀಟರಿಗೆ ಕುಸಿದಿತ್ತು. 1979ರಲ್ಲಿ ಉಪಗ್ರಹಗಳ ನಿರಂತರ ದಾಖಲೆ ಶುರುವಾದ ಮೇಲೆ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಮರುವರ್ಷ ಅದು ಮತ್ತೂ ಕುಸಿಯದೆ ಸ್ವಲ್ಪ ಚೇತರಿಸಿಕೊಂಡಿತು. ಇಂಥ ಚೇತರಿಕೆಗೆ ದಾರಿ ಮಾಡಿಕೊಡುವ ಬಲಗಳಲ್ಲಿ ಇದೂ ಒಂದು.

ಕೈಮೀರಿ ಹೋಗದಿರುವುದು ಹೇಗೆ?

ಧನಾತ್ಮಕ ಫೀಡ್‌ಬ್ಯಾಕ್ ಎಂದರೆ ಬಿಸಿ ಬಿಸಿಯನ್ನು ಹುಟ್ಟಿಸುತ್ತ ಕೊನೆಯಿಲ್ಲದೆ ಏರುವುದು ಎಂಬ ಭಯ ಸಹಜ. ಐಪಿಸಿಸಿಯ ಆರನೇ ವರದಿಯ ಅಂಕಿಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡಿದರೆ ಹಾಗಲ್ಲ ಎಂದು ಗೊತ್ತಾಗುತ್ತದೆ.

ವಾತಾವರಣದ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿಯ ಪ್ರತಿ ಚದರ ಮೀಟರಿಗೆ 3.93 ವ್ಯಾಟ್ ಹೆಚ್ಚುವರಿ ಶಕ್ತಿ ಉಳಿಯುತ್ತದೆ. ಭೂಮಿ ಒಂದು ಡಿಗ್ರಿ ಬಿಸಿಯಾದರೆ ಪ್ಲಾಂಕ್ ಫೀಡ್‌ಬ್ಯಾಕ್ 3.22 ವ್ಯಾಟ್‌ನಷ್ಟನ್ನು ಹೊರಗೆ ಕಳಿಸುತ್ತದೆ. ಬೇರೇನೂ ಇಲ್ಲದಿದ್ದರೆ 3.93ನ್ನು 3.22ರಿಂದ ಭಾಗಿಸಿ, ಸುಮಾರು 1.2 ಡಿಗ್ರಿ ಏರಿಕೆ ಬರುತ್ತದೆ.

ಈಗ ನೀರಾವಿ ಮತ್ತು ಇಳಿತದರವನ್ನು ಸೇರಿಸೋಣ. ಎರಡೂ ಕೂಡಿ ಪ್ರತಿ ಡಿಗ್ರಿಗೆ 1.30 ವ್ಯಾಟನ್ನು ವಾಪಸ್ ಹಿಡಿದುಕೊಳ್ಳುತ್ತವೆ. ಹೊರಹೋಗುವುದು 3.22ರಿಂದ 1.92ಕ್ಕೆ ಇಳಿಯುತ್ತದೆ, ಏರಿಕೆ ಸುಮಾರು 2 ಡಿಗ್ರಿ ಆಗುತ್ತದೆ. ಸುತ್ತು ಸುತ್ತಾಗಿ ನೋಡಿದರೆ ಮೊದಲ 1.2 ಡಿಗ್ರಿ ಇನ್ನೊಂದು 0.5 ಡಿಗ್ರಿಯನ್ನು ತರುತ್ತದೆ, ಅದು 0.2ನ್ನು, ಅದು 0.1ಕ್ಕೂ ಕಡಿಮೆಯನ್ನು. ಪ್ರತಿ ಸುತ್ತೂ ಹಿಂದಿನದಕ್ಕಿಂತ ಚಿಕ್ಕದು, ಆದ್ದರಿಂದ ಮೊತ್ತ ಒಂದು ಕಡೆ ನಿಲ್ಲುತ್ತದೆ. ಪ್ಲಾಂಕ್‌ನ ಎಳೆತಕ್ಕಿಂತ ಧನಾತ್ಮಕಗಳ ತಳ್ಳಾಟ ಕಡಿಮೆ ಇರುವವರೆಗೆ ಹೀಗೆಯೇ.

ಮೇಲ್ಮೈ ಆಲ್ಬಿಡೊದ ಪಾಲು 0.35 ವ್ಯಾಟ್. ಅದನ್ನೂ ಕಳೆದರೆ ಉಳಿಯುವುದು 1.57, ಏರಿಕೆ 2.5 ಡಿಗ್ರಿ. ಮೋಡಗಳ ಪಾಲು 0.42, ಇದರಲ್ಲಿ ಅನಿಶ್ಚಿತತೆ ಹೆಚ್ಚು. ಅದನ್ನೂ ಸೇರಿಸಿದರೆ 3.4 ಡಿಗ್ರಿಯ ಹತ್ತಿರ ಬರುತ್ತದೆ. ಪ್ರಾಚೀನ ಹವಾಮಾನದ ಮತ್ತು ಇತ್ತೀಚಿನ ತಾಪಮಾನದ ಸಾಕ್ಷ್ಯಗಳನ್ನೂ ತೂಗಿ ನೋಡಿ ಐಪಿಸಿಸಿ ಕೊಟ್ಟ ಅಂದಾಜು 3 ಡಿಗ್ರಿ. ಆಲ್ಬಿಡೊ ಜಾಗತಿಕ ಲೆಕ್ಕದಲ್ಲಿ ಚಿಕ್ಕದಾಗಿ ಕಂಡರೂ ಅದರ ಪ್ರಭಾವವೆಲ್ಲ ಹಿಮವಿರುವ ಕಡೆಯೇ ಗುಡ್ಡೆಯಾಗಿದೆ. 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿರುವುದಕ್ಕೆ ಅದೂ ಒಂದು ಕಾರಣ.

ಪರ್ಮಾಫ್ರಾಸ್ಟ್ ಈ ಲೆಕ್ಕದಲ್ಲಿ ಏಕಿಲ್ಲ?

ಮೇಲಿನ ಲೆಕ್ಕದಲ್ಲಿ ಪರ್ಮಾಫ್ರಾಸ್ಟ್ ಎಲ್ಲಿಯೂ ಬರಲಿಲ್ಲ. ಅದು ಮರೆವಲ್ಲ. ಅಲ್ಲಿ ಇಂಗಾಲದ ಡೈಆಕ್ಸೈಡ್ ಇಷ್ಟು ಎಂದು ಮೊದಲೇ ನಿಗದಿ ಮಾಡಿಕೊಂಡಿದ್ದೇವೆ. ಪರ್ಮಾಫ್ರಾಸ್ಟ್ ಬದಲಿಸುವುದು ಆ ಪ್ರಮಾಣವನ್ನೇ. ಆದ್ದರಿಂದ ಅದು ಇಂಗಾಲ ಚಕ್ರದ ಫೀಡ್‌ಬ್ಯಾಕ್, ಉಳಿದೆರಡು ಭೌತಿಕ ಫೀಡ್‌ಬ್ಯಾಕ್‌ಗಳು.

ಕನಿಷ್ಠ ಎರಡು ವರ್ಷ ಬಿಡದೆ ಹೆಪ್ಪುಗಟ್ಟಿರುವ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಸೈಬೀರಿಯಾ, ಅಲಾಸ್ಕ, ಕೆನಡಾಗಳಲ್ಲಿ ಅದರ ದೊಡ್ಡ ಹರಹು ಇದೆ, ನಮ್ಮ ಲಡಾಖ್‌ನ ಎತ್ತರದ ಪ್ರದೇಶಗಳಲ್ಲೂ ಇದೆ. ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ, ಸಾವಿರಾರು ವರ್ಷಗಳಿಂದ ಕೊಳೆಯದೆ ಉಳಿದ ಬೇರು, ಎಲೆ, ಹುಲ್ಲುಗಳ ರೂಪದಲ್ಲಿ, ವಾತಾವರಣದಲ್ಲಿ ಇರುವುದರ ಸುಮಾರು ಎರಡು ಪಟ್ಟು ಇಂಗಾಲವಿದೆ. ನೆಲ ಕರಗಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಶುರುಮಾಡುತ್ತವೆ. ಗಾಳಿಯಾಡುವ ಒಣ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ನೀರು ನಿಂತು ಗಾಳಿ ಸಿಗದ ಕಡೆ ಮೀಥೇನೂ ಹುಟ್ಟುತ್ತದೆ. ಅಲಾಸ್ಕದ ಫೇರ್‌ಬ್ಯಾಂಕ್ಸ್ ಸುತ್ತಲಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಮಂಜಿನ ಅಡಿ ಬಿಳಿ ಗುಳ್ಳೆಗಳು ಸಾಲಾಗಿ ಸಿಕ್ಕಿಬಿದ್ದಿರುತ್ತವೆ. ಸಂಶೋಧಕಿ ಕೇಟಿ ವಾಲ್ಟರ್ ಆಂಥನಿ ಆ ಮಂಜಿಗೆ ತೂತು ಕೊರೆದು ಬೆಂಕಿ ತಾಗಿಸಿದರೆ ಜ್ವಾಲೆ ಭಗ್ಗನೆ ಏಳುತ್ತದೆ. ಅದು ಮೀಥೇನ್.

ಇಷ್ಟು ಓದಿ ‘ಮೀಥೇನ್ ಬಾಂಬ್’ ಎಂದು ಬರೆದುಬಿಡುವುದು ಸುಲಭ. ಅಂಕಿ ಹೇಳುವುದು ಬೇರೆ. ಐಪಿಸಿಸಿಯ ಅಂದಾಜಿನಂತೆ 2100ರ ವೇಳೆಗೆ, ಜಾಗತಿಕ ತಾಪಮಾನ ಏರುವ ಪ್ರತಿ ಡಿಗ್ರಿಗೆ, ಪರ್ಮಾಫ್ರಾಸ್ಟ್‌ನಿಂದ ಡೈಆಕ್ಸೈಡ್ ಆಗಿ ಹೊರಬರುವ ಇಂಗಾಲ ಸುಮಾರು 1,800 ಕೋಟಿ ಟನ್. ಅಂದಾಜಿನ ವ್ಯಾಪ್ತಿ 300ರಿಂದ 4,100 ಕೋಟಿ ಟನ್‌ವರೆಗೆ ಇದೆ. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ಈಗ ವರ್ಷಕ್ಕೆ ಹೊರಬಿಡುತ್ತಿರುವುದೇ 1,000 ಕೋಟಿ ಟನ್ ಇಂಗಾಲ. ಅಂದರೆ ಮಧ್ಯದ ಅಂದಾಜು ನಮ್ಮ ಎರಡು ವರ್ಷದ ಹೊಗೆಗೂ ಸಮವಲ್ಲ. ಒಮ್ಮೆಲೇ ಸ್ಫೋಟವಾಗುವ ಸ್ವಭಾವ ಇದರದಲ್ಲ, ದಶಕಗಳ, ಶತಮಾನಗಳ ಸೋರಿಕೆ. ಜೊತೆಗೆ ಬೆಚ್ಚಗಾದ ನೆಲದಲ್ಲಿ ಪೊದೆಗಳು ಹೆಚ್ಚಿ ಸ್ವಲ್ಪ ಇಂಗಾಲವನ್ನು ಹೀರಿಕೊಳ್ಳುತ್ತವೆ, ಅದು ಋಣಾತ್ಮಕ. ಆದರೆ ಅದೇ ಪೊದೆಗಳು ಬಿಳಿ ಹಿಮವನ್ನು ಮರೆಮಾಡಿ ಆಲ್ಬಿಡೊ ತಗ್ಗಿಸುತ್ತವೆ, ಅದು ಧನಾತ್ಮಕ.

ಪರ್ಮಾಫ್ರಾಸ್ಟ್‌ನ ನಿಜವಾದ ಕಷ್ಟ ಗಾತ್ರಕ್ಕಿಂತ ದಿಕ್ಕಿನಲ್ಲಿದೆ. ಗಾಳಿ ತಂಪಾದರೆ ನೀರಾವಿ ವಾರಗಳಲ್ಲಿ ಇಳಿಯುತ್ತದೆ, ಪಿನಾಟುಬೊ ಅದನ್ನು ತೋರಿಸಿತು. ಸಮುದ್ರದ ಮಂಜು ಕೆಲವು ವರ್ಷಗಳಲ್ಲಿ ಮರಳಬಹುದು. ಕೊಳೆತು ಗಾಳಿಗೆ ಸೇರಿದ ಇಂಗಾಲ ಮಾತ್ರ ನೆಲ ಮತ್ತೆ ಹೆಪ್ಪುಗಟ್ಟಿದ ಮಾತ್ರಕ್ಕೆ ಒಳಗೆ ಹೋಗುವುದಿಲ್ಲ. ಅದು ಅಲ್ಲಿ ಸೇರಲು ಸಾವಿರಾರು ವರ್ಷ ಬೇಕಾಗಿತ್ತು.

ಅಂಕ ಕಳೆಯುವ ಜಾಗಗಳು

ಸುತ್ತು ತಾಪಮಾನಕ್ಕೆ ಮರಳದಿದ್ದರೆ ಅದು ಫೀಡ್‌ಬ್ಯಾಕೇ ಅಲ್ಲ. ಮಂಜು ಕರಗಿ ಹಿಮಕರಡಿಗಳಿಗೆ ನೆಲೆ ಇಲ್ಲದಾಗುವುದು ಪರಿಣಾಮ ಮಾತ್ರ. ಹಾಗೆಯೇ ಕಾಡು ಕಡಿದು ಹೊಲ ಮಾಡಿದಾಗ ಆಲ್ಬಿಡೊ ಬದಲಾಗುವುದು ಮನುಷ್ಯ ಹಾಕಿದ ಒತ್ತಡ, ತಾಪಮಾನದಿಂದ ಶುರುವಾದ ಸುತ್ತಲ್ಲ. ‘ನೀರಾವಿ ಹೆಚ್ಚಿದರೆ ಮೋಡ ಹೆಚ್ಚಿ ತಂಪಾಗುತ್ತದೆ, ಆದ್ದರಿಂದ ನೀರಾವಿ ಋಣಾತ್ಮಕ’ ಎಂದು ಬರೆಯುವುದೂ ಉಂಟು. ಮೋಡದ ಫೀಡ್‌ಬ್ಯಾಕ್ ಬೇರೆಯೇ ಬಾಬತ್ತು, ಅದರ ನಿವ್ವಳ ಮೊತ್ತವೂ ಧನಾತ್ಮಕವೆಂದೇ ಈಗಿನ ಅಂದಾಜು.

ಹಾಗಾದರೆ ಪ್ರಶ್ನೆಗೆ ಉತ್ತರ ಹೀಗೆ ಬರೆಯಬಹುದು: ‘ಆಲ್ಬಿಡೊ, ನೀರಾವಿ, ಪರ್ಮಾಫ್ರಾಸ್ಟ್ ಮೂರೂ ಧನಾತ್ಮಕ, ಏಕೆಂದರೆ ಮೂರೂ ಆರಂಭದ ತಾಪಮಾನ ಬದಲಾವಣೆಯನ್ನು ಅದೇ ದಿಕ್ಕಿನಲ್ಲಿ ಹೆಚ್ಚಿಸುತ್ತವೆ. ನೀರಾವಿ ದಿನಗಳಲ್ಲಿ, ಇಡೀ ಭೂಮಿಯ ಮೇಲೆ. ಆಲ್ಬಿಡೊ ಋತು, ವರ್ಷಗಳಲ್ಲಿ, ಮುಖ್ಯವಾಗಿ ಹಿಮಪ್ರದೇಶಗಳಲ್ಲಿ. ಪರ್ಮಾಫ್ರಾಸ್ಟ್ ಶತಮಾನಗಳಲ್ಲಿ, ಇಂಗಾಲ ಚಕ್ರದ ಮೂಲಕ. ಪ್ಲಾಂಕ್ ಫೀಡ್‌ಬ್ಯಾಕ್ ಋಣಾತ್ಮಕ. ಅದು ಈ ಮೂರಕ್ಕಿಂತ ಪ್ರಬಲವಾಗಿರುವುದರಿಂದ ಏರಿಕೆಗೆ ಒಂದು ಮಿತಿ ಇದೆ.’ ಪಕ್ಕದಲ್ಲಿ ಒಂದು ಸುತ್ತನ್ನಾದರೂ ಬಾಣ, ಚಿಹ್ನೆಗಳ ಸಮೇತ ಬರೆದು ತೋರಿಸಿದರೆ ಕಾರಣಕ್ಕೆ ಮೀಸಲಾದ ಅಂಕಗಳೂ ಕೈಸೇರುತ್ತವೆ.